ರೀಲ್ ಬೂಸ್ಟ್: ಯಾರಿಗೆ, ದಿನಕ್ಕೆ ಎಷ್ಟು, ಎಷ್ಟು ದಿನ? ತಿಪಟೂರಿನ ಒಂದು ಬ್ಲೌಸ್ ಅಂಗಡಿಯ ಲೆಕ್ಕ

ನಮ್ಮ ಅತ್ತಿಗೆ ತಿಪಟೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಎರಡು ಹೊಲಿಗೆ ಯಂತ್ರ, ಆರಿ ವರ್ಕ್ ಮಾಡುವ ಇಬ್ಬರು ಹೆಣ್ಣುಮಕ್ಕಳು, ಸೀರೆಗೆ ಕುಚ್ಚು ಹಾಕುವ ಕೆಲಸ. ಅಂಗಡಿಯ ಇನ್‌ಸ್ಟಾಗ್ರಾಂ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಒಂದು ರೀಲ್ ತಾನಾಗಿಯೇ ಚೆನ್ನಾಗಿ ಓಡಿತು. ಹಣ ಕೊಟ್ಟು ರೀಲನ್ನು ಜಾಹೀರಾತಾಗಿ ಓಡಿಸಲು ಅದರ ಕೆಳಗಿದ್ದ Boost reel ಗುಂಡಿ ಒತ್ತಿ, ಆ್ಯಪ್ ಮೊದಲೇ ತುಂಬಿಟ್ಟಿದ್ದ ಆಯ್ಕೆಗಳನ್ನೇ ಒಪ್ಪಿ, 5 ದಿನಕ್ಕೆ 1,500 ರೂಪಾಯಿ ಹಾಕಿದೆ. ನೋಡಿದವರ ಸಂಖ್ಯೆ ಸರಸರನೆ ಏರಿತು. ಬಂದ ಮೆಸೇಜುಗಳು ಮಾತ್ರ ಬೇರೆ ಬೇರೆ ಊರಿನ ಟೈಲರ್‌ಗಳದ್ದು: "ಈ ಡಿಸೈನ್‌ನ ಟ್ರೇಸಿಂಗ್ ಶೀಟ್ ಕೊಡ್ತೀರಾ?" ಆರ್ಡರ್ ಒಂದೂ ಬರಲಿಲ್ಲ. "ಇಷ್ಟು ಜನ ನೋಡಿದಾರೆ ಅಂತೀಯ, ಒಬ್ರೂ ಮೆಟ್ಟಿಲು ಹತ್ತಲಿಲ್ವಲ್ಲಮ್ಮ" ಎಂದು ಅತ್ತಿಗೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಈ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅದೇ ಕೆಲಸವನ್ನು ಲೆಕ್ಕ ಹಾಕಿ ಮಾಡಿದೆವು. ಆಗ ನನಗೆ ತಿಳಿದದ್ದು ಇಷ್ಟು. ಆ್ಯಪ್ ಮೊದಲು ಯಾರಿಗೆ ತೋರಿಸಬೇಕು ಎಂದು ಕೇಳುತ್ತದೆ, ಆಮೇಲೆ ದಿನದ ಹಣ, ಕೊನೆಗೆ ದಿನಗಳ ಸಂಖ್ಯೆ. ಅಂಗಡಿಯವರು ಯೋಚಿಸಬೇಕಾದ ಕ್ರಮ ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ಅಂಗಡಿಗೆ ಇನ್ನೂ ಎಷ್ಟು ಕೆಲಸ ಹಿಡಿಸುತ್ತದೆ ಎಂಬುದರಿಂದ ಒಟ್ಟು ಹಣ ಗೊತ್ತಾಗುತ್ತದೆ. ಆ ಕೆಲಸ ಯಾವ ತಾರೀಖಿನೊಳಗೆ ಕೈಗೆ ಬರಬೇಕು ಎಂಬುದರಿಂದ ದಿನಗಳು ಗೊತ್ತಾಗುತ್ತವೆ. ದಿನದ ಹಣ ಇವೆರಡರ ಭಾಗಾಕಾರ ಅಷ್ಟೇ. ಯಾರಿಗೆ ತೋರಿಸಬೇಕು ಎಂಬುದಕ್ಕೆ ಉತ್ತರ ಅಂಗಡಿಯ ಆರ್ಡರ್ ಪುಸ್ತಕದಲ್ಲೇ ಇರುತ್ತದೆ.

ಮೊದಲು ರೀಲ್, ಆಮೇಲೆ ಗುರಿ

ಬೂಸ್ಟ್ ಮಾಡಲು ಖಾತೆ ಪ್ರೊಫೆಷನಲ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಬಹುದು, ಅದಕ್ಕೆ ಹಣವಿಲ್ಲ. ಹೆಚ್ಚು ಜನ ಎಡವುವುದು ಹಾಡಿನಲ್ಲಿ. ಸಿನಿಮಾ ಹಾಡು ಹಾಕಿದ ರೀಲ್ ಹಾಗೇ ಎಷ್ಟು ಚೆನ್ನಾಗಿ ಓಡಿದರೂ ಜಾಹೀರಾತಾಗಿ ಓಡಿಸಲು ಬಿಡುವುದಿಲ್ಲ, ಏಕೆಂದರೆ ಆ ಹಾಡಿನ ಹಕ್ಕು ವ್ಯಾಪಾರದ ಬಳಕೆಗೆ ಸಿಕ್ಕಿರುವುದಿಲ್ಲ. ತೀರಾ ಉದ್ದದ ರೀಲ್‌ಗೂ ಬೂಸ್ಟ್ ಸಿಗದಿರಬಹುದು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಇದು ಗೊತ್ತಾದರೆ ಮತ್ತೆ ಚಿತ್ರೀಕರಿಸಲು ಪುರುಸೊತ್ತು ಇರುವುದಿಲ್ಲ. ಬೂಸ್ಟ್ ಮಾಡುವ ಯೋಚನೆ ಇರುವ ರೀಲ್‌ಗೆ ಮೊದಲಿನಿಂದಲೇ ಸ್ವಂತ ದನಿ ಹಾಕಿ. ಅತ್ತಿಗೆ ಸೂಜಿ ಹಿಡಿದು ತಮ್ಮ ಮಾತಿನಲ್ಲೇ "ಇದು ತಿಪಟೂರಲ್ಲಿ ನಮ್ಮ ಅಂಗಡೀಲಿ ಮಾಡಿದ್ದು, ಇದಕ್ಕೆ ಎರಡು ದಿನ ಬೇಕು" ಎಂದದ್ದು ಯಾವ ಹಾಡಿಗಿಂತಲೂ ಹೆಚ್ಚು ಕೆಲಸಕ್ಕೆ ಬಂತು.

ಗುರಿ ಕೇಳುವ ಪರದೆಯಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: More profile visits, More website visits, More messages. ಇವು ಬರೀ ಹೆಸರಿನಲ್ಲಿ ಬೇರೆ ಅಲ್ಲ. ನೀವು ಯಾವುದನ್ನು ಆರಿಸುತ್ತೀರೋ ಆ ಕೆಲಸ ಮಾಡುವ ಅಭ್ಯಾಸವಿರುವ ಜನರನ್ನು ಆ್ಯಪ್ ಹುಡುಕುತ್ತದೆ. ಪ್ರೊಫೈಲ್ ಭೇಟಿ ಕೇಳಿದರೆ ಸುಮ್ಮನೆ ಒತ್ತಿ ನೋಡಿ ಹೋಗುವವರು ಕಡಿಮೆ ಬೆಲೆಗೆ ಸಿಗುತ್ತಾರೆ. ಮೆಸೇಜ್ ಕೇಳಿದರೆ ತಲೆಗೆ ಬೀಳುವ ಖರ್ಚು ಏರುತ್ತದೆ, ಆದರೆ ಬರುವವರು ಬಾಯಿಬಿಟ್ಟು ಕೇಳುವವರು. ಅಳತೆ, ಬಟ್ಟೆ, ದಿನಾಂಕ ಎಲ್ಲವನ್ನೂ ಮಾತಾಡಿಯೇ ತೀರ್ಮಾನಿಸಬೇಕಾದ ಅಂಗಡಿಗೆ ಮೆಸೇಜ್ ಬಿಟ್ಟು ಬೇರೆ ಗುರಿ ಬೇಡ. ಮೆಸೇಜು ಅಂಗಡಿಯ ವಾಟ್ಸ್ಆ್ಯಪ್ ಬಿಸಿನೆಸ್ ನಂಬರಿಗೇ ಬರುವಂತೆ ಜೋಡಿಸಲೂಬಹುದು. ಹೋದ ವರ್ಷ ನಾನು ಪ್ರೊಫೈಲ್ ಭೇಟಿ ಆರಿಸಿದ್ದೆ. ಕೇಳಿದ್ದನ್ನೇ ಆ್ಯಪ್ ಕೊಟ್ಟಿತ್ತು.

ಯಾರಿಗೆ: ತಾನಾಗಿ ಆರಿಸುವುದೋ, ಊರ ಸುತ್ತಳತೆಯೋ, ಆಸಕ್ತಿಯೋ

ಮೊದಲ ದಾರಿ, ಆ್ಯಪ್‌ಗೇ ಬಿಡುವುದು. ನಿಮ್ಮನ್ನು ಈಗಾಗಲೇ ಹಿಂಬಾಲಿಸುತ್ತಿರುವವರನ್ನು ಹೋಲುವ ಜನರನ್ನು ಅದು ಹುಡುಕುತ್ತದೆ. ಫಾಲೋವರ್‌ಗಳು ನಿಜವಾದ ಗಿರಾಕಿಗಳೇ ಆಗಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಕೈಕೆಲಸ ತೋರಿಸುವ ಖಾತೆಗಳಲ್ಲಿ ಆಗುವುದು ಬೇರೆ. ಸೂಜಿ ಹೇಗೆ ಓಡುತ್ತದೆ, ಮಣಿ ಹೇಗೆ ಕೂರುತ್ತದೆ ಎಂದು ತೋರಿಸುವ ರೀಲನ್ನು ಪೂರ್ತಿ ನೋಡುವವರು ಅದೇ ಕೆಲಸ ಕಲಿಯುತ್ತಿರುವವರು. ಕೇಕ್ ಮಾಡುವವರ ಖಾತೆಗೆ ಕೇಕ್ ಮಾಡುವವರು, ಮೆಹಂದಿ ಹಾಕುವವರ ಖಾತೆಗೆ ಮೆಹಂದಿ ಹಾಕುವವರು ಬಂದು ಸೇರುತ್ತಾರೆ. ಅಂಥ ಖಾತೆಯನ್ನು ಮಾದರಿಯಾಗಿಟ್ಟು "ಇವರಂಥವರನ್ನೇ ಹುಡುಕು" ಎಂದರೆ ಸಿಗುವುದು ಇನ್ನಷ್ಟು ಟೈಲರ್‌ಗಳು. ನಮಗೆ ಟ್ರೇಸಿಂಗ್ ಶೀಟ್ ಕೇಳಿದ ಮೆಸೇಜುಗಳ ಗುಟ್ಟು ಇದೇ.

ಇದನ್ನು ಹಣ ಹಾಕುವ ಮೊದಲೇ ನೋಡಿಕೊಳ್ಳಬಹುದು. ಪ್ರೊಫೆಷನಲ್ ಖಾತೆಯ Insights ಒಳಗೆ ಫಾಲೋವರ್‌ಗಳ ಊರು, ವಯಸ್ಸು, ಹೆಣ್ಣು–ಗಂಡು ಪಾಲು ಸಿಗುತ್ತದೆ. ಇದು ಕಾಣಲು ಕನಿಷ್ಠ 100 ಫಾಲೋವರ್ ಇರಬೇಕು. ನಮ್ಮ ಖಾತೆಯಲ್ಲಿ ಮೊದಲ ಊರು ಬೆಂಗಳೂರು, ತಿಪಟೂರು ಮೂರನೆಯದು. ಊರುಗಳ ಪಟ್ಟಿಯ ತಲೆಯಲ್ಲಿ ನಿಮ್ಮ ಊರೋ ಪಕ್ಕದ ಪೇಟೆಯೋ ಇಲ್ಲದಿದ್ದರೆ ತಾನಾಗಿ ಆರಿಸುವ ದಾರಿಯನ್ನು ಅಲ್ಲಿಗೇ ಬಿಡಿ.

ಎರಡನೆಯದು ಸುತ್ತಳತೆ. ನಕ್ಷೆಯಲ್ಲಿ ಅಂಗಡಿ ಇರುವಲ್ಲಿ ಗುರುತು ಇಟ್ಟು, ಅದರ ಸುತ್ತ ಇಷ್ಟು ಕಿಲೋಮೀಟರ್ ಎಂದು ಹೇಳುವುದು. ಎಷ್ಟು ಎಂಬುದಕ್ಕೆ ನಾವು ಆರ್ಡರ್ ಪುಸ್ತಕ ತೆಗೆದೆವು. ಹಿಂದಿನ ಎರಡು ತಿಂಗಳ ಆರಿ ವರ್ಕ್ ಗಿರಾಕಿಗಳ ಹೆಸರಿನ ಮುಂದೆ ಊರು ಬರೆದುಕೊಂಡು ಹೋದಾಗ ಹೆಚ್ಚಿನವರು ತಿಪಟೂರು ಪೇಟೆಯವರು, ಉಳಿದವರು ನೊಣವಿನಕೆರೆ, ಹೊನ್ನವಳ್ಳಿ, ಕೆ.ಬಿ. ಕ್ರಾಸ್ ಕಡೆಯವರು. ಅರಸೀಕೆರೆಯಿಂದ ಬಂದವರು ಇಬ್ಬರು, ಇಬ್ಬರಿಗೂ ತಿಪಟೂರು ತವರು. ಬ್ಲೌಸ್ ವಿಷಯದಲ್ಲಿ ಗಿರಾಕಿ ಕನಿಷ್ಠ ಎರಡು ಸಲ ಬರಬೇಕು, ಅಳತೆ ಕೊಡಲು ಒಮ್ಮೆ, ಒಯ್ಯಲು ಒಮ್ಮೆ. ಎಲ್ಲೋ ಬಿಗಿಯಾದರೆ ಮೂರನೆಯ ಸಲವೂ ಉಂಟು. ಇಷ್ಟು ಓಡಾಟಕ್ಕೆ ಒಪ್ಪುವ ದೂರ ಒಂದು ಬಸ್ಸಿನ ದಾರಿ. ಆದ್ದರಿಂದ ನಾವು 15 ಕಿ.ಮೀ. ಇಟ್ಟೆವು. 30 ಇಟ್ಟಿದ್ದರೆ ಅರಸೀಕೆರೆ, ತುರುವೇಕೆರೆ ಸೇರುತ್ತಿದ್ದವು, ಆದರೆ ಅಲ್ಲಿ ಅವರದೇ ಟೈಲರ್‌ಗಳಿದ್ದಾರೆ. ಆ್ಯಪ್ ಅಳೆಯುವುದು ನೇರ ಗೆರೆಯಲ್ಲಿ ಎಂಬುದೂ ನೆನಪಿರಲಿ. ನಕ್ಷೆಯ 15 ರಸ್ತೆಯಲ್ಲಿ 20 ಆಗುತ್ತದೆ.

ಸುತ್ತಳತೆ ಎಂದರೆ ಆ ವೃತ್ತದೊಳಗೆ ಮನೆ ಇರುವವರು ಮಾತ್ರ ಅಲ್ಲ, ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಸೇರುತ್ತಾರೆ. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಕೊಬ್ಬರಿ ಹರಾಜಿಗೆ, ಆಸ್ಪತ್ರೆಗೆ, ಕಾಲೇಜಿಗೆ ಸುತ್ತಲ ಹಳ್ಳಿಯವರು ತಿಪಟೂರಿಗೆ ಬರುತ್ತಲೇ ಇರುತ್ತಾರೆ, ಅವರು ಮತ್ತೆ ಬರುವವರು. ಹೆದ್ದಾರಿಯಲ್ಲಿ ಟೀ ಕುಡಿದು ಮುಂದೆ ಹೋದವರೂ ಲೆಕ್ಕಕ್ಕೆ ಸಿಗಬಹುದು, ಅವರಿಂದ ನಮಗೆ ಪ್ರಯೋಜನವಿಲ್ಲ. ಈ ಸೋರಿಕೆಯನ್ನು ರೀಲ್‌ನ ಮೊದಲ ಮಾತಿನಲ್ಲೇ ಊರ ಹೆಸರು ಹೇಳಿ ತಡೆಯಬಹುದು. ಬೇರೆ ಊರಿನವರು ಅಲ್ಲೇ ಮೇಲೆ ಸರಿಸಿ ಹೋಗುತ್ತಾರೆ, ಮೆಸೇಜ್ ಮಾಡುವುದಿಲ್ಲ.

ಮೂರನೆಯದು ಆಸಕ್ತಿ: ಸೀರೆ, ರೇಷ್ಮೆ, ಮದುವೆ, ಫ್ಯಾಷನ್ ಇತ್ಯಾದಿ. ಇದನ್ನು ತುಂಬುವಾಗ ಒಂದು ತಪ್ಪು ತಿಳಿವಳಿಕೆ ಇದೆ. ಹೆಚ್ಚು ಆಸಕ್ತಿ ಸೇರಿಸಿದಷ್ಟೂ ಗುರಿ ಚೂಪಾಗುತ್ತದೆ ಎಂದುಕೊಳ್ಳುತ್ತಾರೆ. ಒಂದೇ ಪಟ್ಟಿಗೆ ಸೇರಿಸಿದ ಆಸಕ್ತಿಗಳು "ಇದು ಅಥವಾ ಅದು" ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಮೊದಲನೆಯದು ಜನರನ್ನು ಕಡಿಮೆ ಮಾಡುತ್ತದೆ, ಎರಡನೆಯದರಿಂದ ಮತ್ತೆ ಹಿಗ್ಗುತ್ತ ಹೋಗುತ್ತದೆ. ಸೀರೆ ಜೊತೆಗೆ ಫ್ಯಾಷನ್ ಸೇರಿಸಿದರೆ ಸೀರೆಗೆ ಸಂಬಂಧವಿಲ್ಲದ ಫ್ಯಾಷನ್ ಪ್ರಿಯರೂ ಬಂದರು ಎಂದೇ ಅರ್ಥ.

ಆಸಕ್ತಿ ಕೆಲಸಕ್ಕೆ ಬರುವುದು ದೊಡ್ಡ ಪ್ರದೇಶದಲ್ಲಿ. ಇಳಕಲ್ ಸೀರೆಯನ್ನು ಕರ್ನಾಟಕದಾದ್ಯಂತ ಕೊರಿಯರ್‌ನಲ್ಲಿ ಕಳಿಸುವ ಅಂಗಡಿಗೆ ಊರಿನ ಗಡಿ ಇಲ್ಲ. ಅಲ್ಲಿ ಸೀರೆಯ ಆಸಕ್ತಿಯೇ ಜರಡಿ. ತಿಪಟೂರಿನಂಥ ಪೇಟೆಯ 15 ಕಿ.ಮೀ. ಒಳಗೆ ಹಾಗಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಆಸಕ್ತಿಯ ಜರಡಿಯನ್ನೂ ಹಿಡಿದರೆ ಉಳಿಯುವವರು ಬೆರಳೆಣಿಕೆ, ರೀಲ್ ಅವರಿಗೇ ಮತ್ತೆ ಮತ್ತೆ ಬೀಳುತ್ತದೆ. ನಮ್ಮ ಗಿರಾಕಿಗಳಲ್ಲಿ ಬಹಳ ಜನ ಸೀರೆಯ ಪುಟಗಳನ್ನು ಹಿಂಬಾಲಿಸುವವರೇ ಅಲ್ಲ, ಅಡುಗೆ ಮತ್ತು ಧಾರಾವಾಹಿಯ ತುಣುಕು ನೋಡುವವರು. ಅವರಿಗೆ ಸೀರೆಯಲ್ಲಿ ಆಸಕ್ತಿ ಇದೆ ಎಂದು ಆ್ಯಪ್‌ಗೆ ತಿಳಿಯುವುದಾದರೂ ಹೇಗೆ?

ಹಾಗಾಗಿ ನಮ್ಮ ಆಯ್ಕೆ: 15 ಕಿ.ಮೀ., ಮಹಿಳೆಯರು, 24ರಿಂದ 55 ವಯಸ್ಸು, ಆಸಕ್ತಿಯ ಪಟ್ಟಿ ಖಾಲಿ. ವಯಸ್ಸಿನ ಕೆಳಗಿನ ಅಂಚನ್ನು 18ರಿಂದ 24ಕ್ಕೆ ಎತ್ತಲು ಅತ್ತಿಗೆಯ ಅನುಭವ ಕಾರಣ. ಕಾಲೇಜು ಹುಡುಗಿಯರು ಕೇಳುವುದು ಹೆಚ್ಚು, ಹಬ್ಬಕ್ಕೆ ಆರಿ ವರ್ಕ್ ಮಾಡಿಸುವುದು ಕಡಿಮೆ. ನಿಮ್ಮದು ಬಳೆ ಅಂಗಡಿಯಾದರೆ ಅದೇ ಹುಡುಗಿಯರು ಮೊದಲ ಗಿರಾಕಿಗಳು, ಆಗ ಅಂಚನ್ನು ಇಳಿಸಬೇಕು. ನೀವು ಹಾಕಿದ ಗಡಿಯನ್ನು ದಾಟಿ ಜನರನ್ನು ಹುಡುಕಲು ಆ್ಯಪ್‌ಗೆ ಅನುಮತಿ ಕೊಡುವ ಒಂದು ಗುಂಡಿ ಈ ಪರದೆಯಲ್ಲಿ ಚಾಲೂ ಇರಬಹುದು. ಊರಿಗೇ ಕಟ್ಟುಬಿದ್ದ ಅಂಗಡಿಯವರು ಅದನ್ನು ಹುಡುಕಿ ಆಫ್ ಮಾಡಬೇಕು.

ಒಟ್ಟು ಹಣ: ಖಾಲಿ ಇರುವ ಕೈಗಳನ್ನು ಎಣಿಸಿ

ಈಗ ಹಣ. "ದಿನಕ್ಕೆ ಎಷ್ಟು ಹಾಕಿದರೆ ಸಾಕು?" ಎಂಬ ಪ್ರಶ್ನೆಗೆ ಎಲ್ಲ ಅಂಗಡಿಗೂ ಒಪ್ಪುವ ಉತ್ತರ ಇಲ್ಲ. ಅದರ ಹಿಂದಿನ ಎರಡು ಪ್ರಶ್ನೆಗಳಿಗೆ ಇದೆ. ಒಂದು ಹೊಸ ಆರ್ಡರ್‌ಗೆ ನಾವು ಎಷ್ಟು ಖರ್ಚು ಮಾಡಬಹುದು? ಎಷ್ಟು ಹೊಸ ಆರ್ಡರ್ ನಮಗೆ ಹಿಡಿಸುತ್ತದೆ?

ನಮ್ಮ ಅಂಗಡಿಯ ಆರಿ ವರ್ಕ್ ಬ್ಲೌಸ್ ಒಂದಕ್ಕೆ 1,800 ರೂಪಾಯಿ. ಮಣಿ, ಜರಿ ದಾರ, ಲೈನಿಂಗ್, ಕೆಲಸದವರ ಕೂಲಿ ಎಲ್ಲ ಸೇರಿ 1,200 ಹೋಗುತ್ತದೆ. ಉಳಿಯುವುದು 600. ಅದರಲ್ಲಿ ಕಾಲು ಭಾಗ, ಅಂದರೆ 150 ರೂಪಾಯಿಯನ್ನು ಹೊಸ ಗಿರಾಕಿಯನ್ನು ತರಲು ಕೊಡಬಹುದು ಎಂದು ಅತ್ತಿಗೆ ಒಪ್ಪಿದರು. ಈ ಪಾಲು ಅವರವರ ಧೈರ್ಯಕ್ಕೆ ಬಿಟ್ಟದ್ದು. ಬಂದವರು ಮತ್ತೆ ಮತ್ತೆ ಬರುವ ವ್ಯಾಪಾರವಾದರೆ ಹೆಚ್ಚು ಕೊಡಬಹುದು, ಒಂದೇ ಸಲ ಕೊಂಡು ಹೋಗುವ ವಸ್ತುವಾದರೆ ಕಡಿಮೆ.

ಎರಡನೆಯ ಪ್ರಶ್ನೆಗೆ ನಾನು ಮೊದಲು ಉತ್ತರವೇ ಯೋಚಿಸಿರಲಿಲ್ಲ. ಇಬ್ಬರು ಕೆಲಸದವರು, ಒಂದು ಬ್ಲೌಸಿಗೆ ಒಬ್ಬರ ಎರಡು ದಿನ. 14 ದಿನದಲ್ಲಿ ಇಬ್ಬರಿಂದ 14 ಬ್ಲೌಸ್. ಹಬ್ಬಕ್ಕೆ ಹಳೆಯ ಗಿರಾಕಿಗಳದ್ದೇ 7 ಬಂದೇ ಬರುತ್ತವೆ. ಹೊಸಬರಿಗೆ ಉಳಿದ ಜಾಗ 7. ಏಳಕ್ಕೆ 150ರಂತೆ 1,050 ರೂಪಾಯಿ, ಇದಕ್ಕಿಂತ ಹೆಚ್ಚು ಹಾಕುವುದರಲ್ಲಿ ಅರ್ಥವಿಲ್ಲ. ಹೆಚ್ಚು ಆರ್ಡರ್ ಬಂದರೆ ಇಲ್ಲ ಎನ್ನಬೇಕು, ಇಲ್ಲವೇ ಒಪ್ಪಿಕೊಂಡು ಹಬ್ಬದ ದಿನಕ್ಕೆ ಕೊಡಲಾಗದೆ ಮಾತು ಕೇಳಬೇಕು. ಹಬ್ಬಕ್ಕೆ ಬ್ಲೌಸ್ ಸಿಗದ ಹೆಂಗಸು ಅದನ್ನು ಹತ್ತು ಮನೆಯಲ್ಲಿ ಹೇಳುತ್ತಾಳೆ.

1,050 ಪೂರ್ತಿ ಜಾಹೀರಾತಿಗೆ ಹೋಗುವುದೂ ಇಲ್ಲ. ಜಾಹೀರಾತಿನ ಮೊತ್ತದ ಮೇಲೆ ಶೇ. 18 ಜಿಎಸ್‌ಟಿ ಇದೆ. 1,050 ಅನ್ನು 1.18ರಿಂದ ಭಾಗಿಸಿದರೆ ಸುಮಾರು 890, ಆ್ಯಪ್‌ನಲ್ಲಿ ಹಾಕಬಹುದಾದ ಮೊತ್ತ ಅದು. ಮುಂಗಡ ಹಣ ತುಂಬುವವರಿಗೆ ಇದು ಬೇರೆ ರೂಪದಲ್ಲಿ ಕಾಣುತ್ತದೆ: 1,000 ತುಂಬಿದರೆ ತೆರಿಗೆ ಕಳೆದು 847ರ ಆಸುಪಾಸು ಮಾತ್ರ ಜಾಹೀರಾತಿಗೆ ಉಳಿಯುತ್ತದೆ. ಜಿಎಸ್‌ಟಿ ನೋಂದಣಿ ಇದ್ದು ಇನ್‌ಪುಟ್ ಕ್ರೆಡಿಟ್ ಪಡೆಯುವ ಅಂಗಡಿಯವರು ಬಿಲ್ಲಿಂಗ್ ವಿವರದಲ್ಲಿ ತಮ್ಮ ನಂಬರ್ ಹಾಕಿಕೊಳ್ಳಲಿ. ಐಫೋನ್ ಇರುವವರಿಗೆ ಇನ್ನೊಂದು ಮಾತು. ಐಫೋನ್‌ನ ಆ್ಯಪ್ ಒಳಗಿಂದ ಮಾಡುವ ಬೂಸ್ಟ್‌ಗೆ ಆಪಲ್‌ನ ಶೇ. 30 ಸೇವಾಶುಲ್ಕ ಸೇರುತ್ತದೆ ಎಂದು ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ 2024ರಲ್ಲಿ ತಿಳಿಸಿತು. ಹಣ ಕಟ್ಟುವ ಕೊನೆಯ ಪರದೆಯಲ್ಲಿ ಆ ಸಾಲು ಕಂಡರೆ ಹಿಂದಕ್ಕೆ ಬಂದು, ಬ್ರೌಸರ್‌ನಲ್ಲಿ instagram.com ತೆರೆದು ಅಲ್ಲಿಂದ ಬೂಸ್ಟ್ ಮಾಡಿ. ಶುಲ್ಕ ಉಳಿಯುತ್ತದೆ.

ಅದೇ ಹಣ, ಮೂರು ಬಗೆಯ ದಿನಗಳು

890ರ ಒಳಗೆ ನಾವು ತೂಗಿ ನೋಡಿದ್ದು ಮೂರು: ದಿನಕ್ಕೆ 440ರಂತೆ 2 ದಿನ, 175ರಂತೆ 5 ದಿನ, 125ರಂತೆ 7 ದಿನ.

ಎರಡು ದಿನದ ಓಟ ಬೇಗ ಮುಗಿಯುತ್ತದೆ. ಇವತ್ತಿನ ಸೇಲ್ ಇವತ್ತೇ ಹೇಳಬೇಕಾದ ಅಂಗಡಿಗೆ, ಶನಿವಾರ–ಭಾನುವಾರದ ಬಿರಿಯಾನಿಗೆ ಅದು ಸರಿ. ಅದರ ಕಷ್ಟ ಏನೆಂದರೆ, ಯಾರು ಮೆಸೇಜ್ ಮಾಡುವವರು ಎಂದು ಆ್ಯಪ್ ಮೊದಮೊದಲು ಅಂದಾಜಿನಲ್ಲಿ ಹುಡುಕುತ್ತದೆ, ಬಂದ ಮೆಸೇಜುಗಳನ್ನು ನೋಡಿ ಆಮೇಲೆ ತಿದ್ದಿಕೊಳ್ಳುತ್ತದೆ. ಎರಡು ದಿನದಲ್ಲಿ ತಿದ್ದಿಕೊಳ್ಳುವ ಹೊತ್ತಿಗೆ ಹಣ ಮುಗಿದಿರುತ್ತದೆ. ಚಿಕ್ಕ ಊರಲ್ಲಿ ಒಂದೇ ದಿನಕ್ಕೆ ಹೆಚ್ಚು ಹಣ ಸುರಿದರೆ ಅದೇ ಜನರ ಮುಂದೆ ರೀಲ್ ಮತ್ತೆ ಬರುತ್ತದೆ. ಇದಕ್ಕಿಂತ ಮುಖ್ಯವಾದ ತೊಡಕು ಅಂಗಡಿಯೊಳಗಿನದು. ಅತ್ತಿಗೆಗೆ ಬಿಡುವು ಸಿಗುವುದು ಮಧ್ಯಾಹ್ನ ಒಂದು ಗಂಟೆ, ರಾತ್ರಿ ಒಂದು ಗಂಟೆ. ದಿನಕ್ಕೆ 14 ಮೆಸೇಜ್ ಬಂದರೆ ಅರ್ಧಕ್ಕೆ ಉತ್ತರ ಹೋಗುವುದು ಮಾರನೆಯ ದಿನ, ಅಷ್ಟರಲ್ಲಿ ಕೇಳಿದಾಕೆ ಪಕ್ಕದ ಬೀದಿಯ ಟೈಲರ್‌ಗೆ ಬಟ್ಟೆ ಕೊಟ್ಟಾಗಿರುತ್ತದೆ.

14 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಹಿಂದಿನ ತಿಂಗಳು ಫೋನು, ವಾಟ್ಸ್ಆ್ಯಪ್ ಸೇರಿ ಆರಿ ವರ್ಕ್ ವಿಚಾರಿಸಿದವರು 20, ಆರ್ಡರ್ ಕೊಟ್ಟವರು 5. ನಾಲ್ವರು ಕೇಳಿದರೆ ಒಬ್ಬರು ಕೊಡುತ್ತಾರೆ. ಏಳು ಆರ್ಡರ್‌ಗೆ 28 ಮೆಸೇಜ್ ಬೇಕು. ಎರಡು ದಿನದಲ್ಲಿ ಅದು ದಿನಕ್ಕೆ 14, ಏಳು ದಿನದಲ್ಲಿ ದಿನಕ್ಕೆ 4. ನಾಲ್ಕಾದರೆ ಅತ್ತಿಗೆ ಊಟದ ಹೊತ್ತಿನಲ್ಲಿ ಸಮಾಧಾನವಾಗಿ ಮಾತಾಡುತ್ತಾರೆ.

ಐದು ದಿನ, ಏಳು ದಿನದ ನಡುವೆ ಹಣದ ವ್ಯತ್ಯಾಸವೇ ಇಲ್ಲ, ಎರಡೂ 875. ನಾನು ಏಳನ್ನು ಹಿಡಿದದ್ದು ವಾರದ ಎಲ್ಲ ದಿನಗಳೂ ಸೇರಲಿ ಎಂದು. ಸೋಮವಾರ ಶುರುಮಾಡಿ ಐದು ದಿನಕ್ಕೆ ನಿಲ್ಲಿಸಿದರೆ ಶನಿವಾರ, ಭಾನುವಾರ ತಪ್ಪುತ್ತವೆ. ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಹೊರತೆಗೆದು ಯಾವುದು ಉಡುವುದು ಎಂದು ನೋಡುವುದು ಆ ಎರಡು ದಿನ. ದಿನದ ಮೊತ್ತ 125 ಎಂದು ಬರೆದರೂ ಆ್ಯಪ್ ಪ್ರತಿದಿನ ಅಷ್ಟೇ ಖರ್ಚು ಮಾಡುವುದಿಲ್ಲ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಗಾಬರಿ ಬೇಡ, ಒಟ್ಟು ಮೊತ್ತ ಮೀರುವುದಿಲ್ಲ.

ನಿಲ್ಲಿಸುವವರೆಗೆ ಓಡುತ್ತಿರಲಿ ಎಂಬ ಆಯ್ಕೆಯೂ ಒಂದಿದೆ. ವರ್ಷವಿಡೀ ಒಂದೇ ಬಗೆಯ ಗಿರಾಕಿ ಬೇಕಾದ ಅಂಗಡಿಗೆ, ಅದನ್ನು ದಿನಾ ತೆರೆದು ನೋಡುವವರಿಗೆ ಅದು ಇರಲಿ. ಹಬ್ಬದ ಕೆಲಸಕ್ಕೆ ಕೊನೆಯ ದಿನ ಇರಲೇಬೇಕು. ಇಲ್ಲದಿದ್ದರೆ ಹಬ್ಬದ ಹಿಂದಿನ ದಿನವೂ ಹಣ ಹೋಗುತ್ತಿರುತ್ತದೆ, ಮೆಸೇಜಿಗೆ ಇಲ್ಲ ಎನ್ನುತ್ತಿರುತ್ತೀರಿ.

ಯಾವ ದಿನ ಶುರು

ಇದು ಆ್ಯಪ್ ಕೇಳದ ಪ್ರಶ್ನೆ. ನನ್ನ ಮಟ್ಟಿಗೆ ಹೋದ ವರ್ಷದ ದೊಡ್ಡ ತಪ್ಪೂ ಇಲ್ಲೇ ಇತ್ತು. ಗೌರಿ ಹಬ್ಬಕ್ಕೆ ಒಂದು ವಾರ ಇರುವಾಗ ಬೂಸ್ಟ್ ಮಾಡಿದ್ದೆ. ಅಷ್ಟೊತ್ತಿಗೆ ಎಲ್ಲರ ಬ್ಲೌಸೂ ಯಾರದೋ ಅಂಗಡಿಯಲ್ಲಿ ಕೂತಿತ್ತು.

ಈ ಸಲ ಹಿಂದಿನಿಂದ ಎಣಿಸಿದೆವು. ವರಮಹಾಲಕ್ಷ್ಮಿ ಶುಕ್ರವಾರ. ಬ್ಲೌಸ್ ಎರಡು ದಿನ ಮೊದಲು, ಬುಧವಾರ ಕೈಗೆ ಸಿಗಬೇಕು, ಸಣ್ಣಪುಟ್ಟ ತಿದ್ದುಪಡಿಗೆ ಜಾಗ ಇರಲಿ. ಅದರ ಹಿಂದೆ ಕೆಲಸಕ್ಕೆ 14 ದಿನ. ಅಂದರೆ ಹಬ್ಬಕ್ಕೆ 16 ದಿನ ಇರುವಾಗ ಆರ್ಡರ್ ನಿಲ್ಲಬೇಕು. ಮೆಸೇಜ್ ಮಾಡಿದವರು ಅಂಗಡಿಗೆ ಬಂದು ಅಳತೆ ಬ್ಲೌಸ್, ಅಡ್ವಾನ್ಸ್ ಕೊಡಲು ಎರಡು ದಿನ ಹಿಡಿಯುತ್ತಾರೆ. ಆದ್ದರಿಂದ ಬೂಸ್ಟ್ ಮುಗಿಯಬೇಕಾದದ್ದು ಹಬ್ಬಕ್ಕೆ 18 ದಿನ ಇರುವಾಗ, ಶುರುವಾಗಬೇಕಾದದ್ದು 25 ದಿನ ಇರುವಾಗ. ಕಳಿಸಿದ ಜಾಹೀರಾತನ್ನು ಪರಿಶೀಲಿಸಲು 24 ಗಂಟೆ ಬೇಕಾಗಬಹುದು, ಅದಕ್ಕೆ ಇನ್ನೂ ಒಂದು ದಿನ ಮೊದಲೇ ಕಳಿಸಬೇಕು.

ಪಂಚಾಂಗ ನೋಡಿದರೆ ಅದು ಆಷಾಢದ ನಡುಭಾಗ. ಆಷಾಢದಲ್ಲಿ ಯಾರು ಬ್ಲೌಸ್ ಹೊಲಿಸುತ್ತಾರೆ ಎಂದು ಅತ್ತಿಗೆ ಅನುಮಾನಿಸಿದರು. ಮದುವೆ ಇಲ್ಲದ ತಿಂಗಳು ನಿಜ. ಆದರೆ ಸೀರೆ ಅಂಗಡಿಗಳ ಆಷಾಢ ಸೇಲ್ ನಡೆಯುವುದೂ ಆಗಲೇ. ಹೊಸ ಸೀರೆ ಮನೆಗೆ ಬಂದಿರುತ್ತದೆ, ಬ್ಲೌಸ್ ಪೀಸ್ ಇನ್ನೂ ಸೀರೆಯಿಂದ ಕತ್ತರಿಸಿರುವುದಿಲ್ಲ. ರೀಲ್‌ನಲ್ಲಿ ಅತ್ತಿಗೆಯಿಂದ ಆ ಮಾತನ್ನೇ ಆಡಿಸಿದೆವು: "ಸೇಲ್‌ನಲ್ಲಿ ತಗೊಂಡ ಸೀರೆಗೆ ಹಬ್ಬಕ್ಕೆ ಬ್ಲೌಸ್ ಬೇಕಾ? ಈಗಲೇ ಕೊಡಿ."

ಓಡುವಾಗ ನೋಡಿದ್ದು, ಮುಗಿದ ಮೇಲೆ ಕಂಡದ್ದು

ಮೊದಲ ಎರಡು ದಿನ ಏನೂ ಮುಟ್ಟಬೇಡಿ. ನಡುವೆ ಜನರನ್ನು ಬದಲಿಸಿದರೆ ಆ್ಯಪ್ ಹುಡುಕಾಟವನ್ನು ಹೊಸದಾಗಿ ಶುರುಮಾಡಬೇಕಾಗುತ್ತದೆ. ಮೂರನೆಯ ದಿನ ಸಂಜೆ ಕೂತು ನೋಡಿ. ತಲುಪಿದ ಜನರ ಸಂಖ್ಯೆಯೇ ಏರುತ್ತಿಲ್ಲ ಎಂದರೆ ಜಾಹೀರಾತು ಪರಿಶೀಲನೆಯಲ್ಲೇ ನಿಂತಿರಬಹುದು, ಇಲ್ಲವೇ ಸುತ್ತಳತೆ ಮತ್ತು ವಯಸ್ಸು ತೀರಾ ಬಿಗಿಯಾಗಿದೆ. ಜನರಿಗೆ ತಲುಪುತ್ತಿದೆ, ಮೆಸೇಜ್ ಇಲ್ಲ ಎಂದರೆ ತಪ್ಪು ರೀಲ್‌ನಲ್ಲಿದೆ, ಹಣ ಹೆಚ್ಚಿಸಿ ಸರಿಯಾಗುವುದಲ್ಲ. ಮೆಸೇಜ್ ಬರುತ್ತಿವೆ, ಆದರೆ ದೂರದ ಊರಿನವು ಎಂದರೆ ಆ ಗಡಿ ದಾಟುವ ಗುಂಡಿ ಚಾಲೂ ಉಳಿದಿರಬಹುದು. ತಲುಪಿದ ಜನರಿಗೆ ಹೋಲಿಸಿದರೆ ತೋರಿಸಿದ ಸಲಗಳು ಬಹಳ ಮುಂದೆ ಓಡುತ್ತಿದ್ದರೆ ಅದೇ ಜನ ಮತ್ತೆ ಮತ್ತೆ ನೋಡುತ್ತಿದ್ದಾರೆ, ಊರು ಮುಗಿಯಿತು ಎಂದರ್ಥ. ಯಾವ ಹೊತ್ತಿಗೂ ನಿಲ್ಲಿಸಬಹುದು, ಅಲ್ಲಿಯವರೆಗೆ ಖರ್ಚಾದದ್ದಕ್ಕೆ ಮಾತ್ರ ಹಣ. ನಾವು ಮೊದಲೇ ಒಂದು ಗೆರೆ ಎಳೆದುಕೊಂಡಿದ್ದೆವು: ಮೂರು ದಿನದಲ್ಲಿ ನಮ್ಮ ತಾಲ್ಲೂಕಿನ ಒಂದು ಮೆಸೇಜೂ ಬರದಿದ್ದರೆ ನಿಲ್ಲಿಸುವುದು.

ನಿಲ್ಲಿಸಬೇಕಾಗಿ ಬರಲಿಲ್ಲ. ಏಳು ದಿನಕ್ಕೆ 875 ರೂಪಾಯಿ, ತೆರಿಗೆ 157.50, ಒಟ್ಟು 1,032.50. ಮೆಸೇಜ್ 23, ಆರ್ಡರ್ 5. ಆರ್ಡರ್ ಒಂದಕ್ಕೆ 206 ರೂಪಾಯಿ ಚಿಲ್ಲರೆ ಬಿತ್ತು. 150ರ ಗೆರೆ ದಾಟಿತು, 600ರ ಒಳಗೇ ಇದ್ದುದರಿಂದ ನಷ್ಟವಾಗಲಿಲ್ಲ. ನೋಡಿದವರ ಸಂಖ್ಯೆ ಹೋದ ವರ್ಷದ್ದಕ್ಕಿಂತ ತೀರಾ ಕಡಿಮೆ.

ಮೆಸೇಜುಗಳನ್ನು ಒಂದೊಂದಾಗಿ ಓದಿದಾಗ ಖರ್ಚು 150 ದಾಟಿದ್ದಕ್ಕೆ ಕಾರಣವೂ ಸಿಕ್ಕಿತು. 23ರಲ್ಲಿ 9 ಜನ "ಎಷ್ಟಾಗುತ್ತೆ?" ಎಂದು ಕೇಳಿ, 1,800 ಎಂದ ಮೇಲೆ ಮಾತು ನಿಲ್ಲಿಸಿದ್ದರು. ಬೆಲೆ ಹೇಳಿದರೆ ಜನ ಹೆದರುತ್ತಾರೆ ಎಂದು ನಾವು ರೀಲ್‌ನಲ್ಲಿ ಹಾಕಿರಲಿಲ್ಲ. ಹೆದರುವವರು ಹೇಗೂ ಹೆದರುತ್ತಾರೆ, ನಾವು ಅವರ ಮೆಸೇಜಿಗೂ ಹಣ ಕಟ್ಟಿ, ಉತ್ತರ ಬರೆಯಲು ಅತ್ತಿಗೆಯ ಊಟದ ಹೊತ್ತನ್ನೂ ಕೊಟ್ಟಿದ್ದೆವು. ದಸರೆಗೆ ಮುಂಚೆ ಹಾಕುವ ರೀಲ್‌ನಲ್ಲಿ "ಆರಿ ವರ್ಕ್ 1,800ರಿಂದ" ಎಂದು ಮೊದಲ ಮೂರು ಸೆಕೆಂಡಿನಲ್ಲೇ ಬರೆದಿದ್ದೇವೆ. ಸುತ್ತಳತೆ, ದಿನ, ಹಣ ಯಾವುದನ್ನೂ ಬದಲಿಸುತ್ತಿಲ್ಲ. ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳಲು ಆಗುವುದಿಲ್ಲ.